‘ಮೈ’ ಎಂದರೆ ಕೊಳ್ಳುವುದೇ, ಮಾರುವುದೇ?

ಬೀಜಿಂಗ್ ನಗರದ ಹಳೆಯ ಪುಸ್ತಕದಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಚೀನೀ ಭಾಷೆಯನ್ನು ಕಲಿಯಲೆಂದು ಬೆಂಗಳೂರಿನಿಂದ ಹೋಗಿ ಆರು ತಿಂಗಳಾದ ಕನ್ನಡಿಗ ವಿದ್ಯಾರ್ಥಿಯೊಬ್ಬ ಅಲ್ಲಿ ನಿಂತಿದ್ದಾನೆ. ಅಂಗಡಿಯ ಮುದುಕ ಗಾಜಿನ ಬೀರುವಿನಿಂದ ಒಂದು ಹಳೆಯ ಪುಸ್ತಕವನ್ನು ತೆಗೆದು ಅವನ ಕೈಗೆ ಕೊಟ್ಟಿದ್ದಾನೆ. ಪುಸ್ತಕದ ಮೇಲೆ ಬೆಲೆಯ ಚೀಟಿಯಿಲ್ಲ. ಇದು ಮಾರಾಟಕ್ಕಲ್ಲವೇನೋ ಎಂಬ ಅನುಮಾನ ವಿದ್ಯಾರ್ಥಿಗೆ. ‘ಪು’ ಎಂದರೆ ‘ಇಲ್ಲ’ ಎಂಬುದನ್ನೂ, ‘ಮೈ’ ಎಂದರೆ ‘ಮಾರು’ ಎಂಬುದನ್ನೂ ಅವನು ಬಲ್ಲ. ‘ಮಾರುವುದಿಲ್ಲ?’ ಎಂದು ಕನ್ನಡದಲ್ಲಿ ವಿನಯದಿಂದ ಕೇಳುವಾಗ ದನಿ ಕೊನೆಯಲ್ಲಿ ಹೇಗೆ ಮೇಲೇರುವುದೋ ಹಾಗೆಯೇ ಏರಿಸಿ, ‘ಪು ಮೈ?’ ಎಂದು ಕೇಳುತ್ತಾನೆ.

ಮುದುಕನ ಮುಖ ಸಪ್ಪಗಾಗುತ್ತದೆ. ಅವನು ಪುಸ್ತಕವನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ.

ವಿದ್ಯಾರ್ಥಿಯ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಪದಗಳು ಸರಿಯಾಗಿದ್ದವು, ಅಕ್ಷರಗಳ ಉಚ್ಚಾರಣೆಯೂ ಶುದ್ಧವಾಗಿತ್ತು. ಆದರೂ ಮುದುಕನ ಕಿವಿಗೆ ಬಿದ್ದ ಮಾತು ‘ಮಾರುವುದಿಲ್ಲವೇ?’ ಎಂಬುದಲ್ಲ, ‘ಕೊಳ್ಳುವುದಿಲ್ಲ’ ಎಂಬುದು. ಕೊಳ್ಳುವುದಕ್ಕೂ ಮಾರುವುದಕ್ಕೂ ಇರುವ ಅಂತರವನ್ನೆಲ್ಲ ಅಳಿಸಿಹಾಕಿದ್ದು ಪ್ರಶ್ನೆಯ ಕೊನೆಯಲ್ಲಿ ದನಿಯನ್ನು ಏರಿಸಿದ ಆ ಒಂದು ಅಭ್ಯಾಸ. ವಿನಯಕ್ಕಾಗಿ ಮಾಡಿದ ಕೆಲಸವೇ ಅರ್ಥವನ್ನು ಕೆಡಿಸಿತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ, ಮನುಷ್ಯನ ದನಿಯ ಏರಿಳಿತವು ಎರಡು ಬಗೆಯ ಭಾಷೆಗಳಲ್ಲಿ ಎಂತಹ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆಂಬುದನ್ನು ನೋಡಬೇಕು.

ಧಾಟಿ ಎಂಬುದು ವಾಕ್ಯದ ಸೊತ್ತು

ಗಂಟಲಿನಲ್ಲಿ ಎರಡು ಪುಟ್ಟ ಧ್ವನಿತಂತುಗಳಿವೆ. ಮಾತನಾಡುವಾಗ ಅವು ಕಂಪಿಸುತ್ತವೆ. ಸಾಮಾನ್ಯವಾಗಿ ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸಿನ ಮಾತಿನಲ್ಲಿ ಸುಮಾರು 200 ಬಾರಿ ಈ ಕಂಪನ ನಡೆಯುತ್ತದೆ. ತಂತುಗಳು ಬಿಗಿಯಾದರೆ ಕಂಪನ ಹೆಚ್ಚಿ ದನಿ ಮೇಲೇರುತ್ತದೆ, ಸಡಿಲವಾದರೆ ಕೆಳಗಿಳಿಯುತ್ತದೆ. ವೀಣೆಯ ತಂತಿಯನ್ನು ಬಿಗಿದಾಗ ಶ್ರುತಿ ಏರುವಂತೆಯೇ ಇದೂ. ಲೋಕದ ಯಾವ ಮನುಷ್ಯನೂ ಒಂದೇ ಶ್ರುತಿಯಲ್ಲಿ ಮಾತನಾಡುವುದಿಲ್ಲ. ಎಲ್ಲರ ಮಾತೂ ಏರುತ್ತದೆ, ಇಳಿಯುತ್ತದೆ.

ಕನ್ನಡದಲ್ಲಿ ಈ ಏರಿಳಿತದಿಂದ ಆಗುವ ಕೆಲಸವೇನು? ‘ರಾಮು ಬಂದ’ ಎಂಬ ಮಾತನ್ನು ತೆಗೆದುಕೊಳ್ಳಬಹುದು. ದನಿಯನ್ನು ಕೊನೆಗೆ ಇಳಿಸಿ ಹೇಳಿದರೆ ಅದು ಸುದ್ದಿ. ಏರಿಸಿ ಹೇಳಿದರೆ ಪ್ರಶ್ನೆ. ಏರಿಸಿ, ಎಳೆದು, ಮತ್ತೆ ಇಳಿಸಿದರೆ ಆಶ್ಚರ್ಯ. ಬಾರದೆ ಇರುವವನು ಕೊನೆಗೂ ಬಂದನಲ್ಲ ಎಂಬ ವ್ಯಂಗ್ಯವೂ ಆಗಬಹುದು. ‘ಹೂಂ’ ಎಂಬ ಒಂದೇ ಉದ್ಗಾರದಿಂದ ಮನೆಯ ಹಿರಿಯರು ಒಪ್ಪಿಗೆ, ಅನುಮಾನ, ಬೇಸರ, ಎಚ್ಚರಿಕೆ ಎಲ್ಲವನ್ನೂ ಸೂಚಿಸಬಲ್ಲರು. ಆದರೆ ದನಿ ಎಷ್ಟೇ ಏರಲಿ, ಎಷ್ಟೇ ಇಳಿಯಲಿ, ‘ಬಂದ’ ಎಂಬ ಪದದ ಅರ್ಥ ‘ಹೋದ’ ಎಂದಾಗುವುದಿಲ್ಲ. ನಿಘಂಟಿನಲ್ಲಿ ‘ಬಂದ’ ಎಂಬುದನ್ನು ಏರುದನಿಯಲ್ಲಿ ಓದಬೇಕೋ ಇಳಿದನಿಯಲ್ಲಿ ಓದಬೇಕೋ ಎಂದು ಯಾರೂ ಬರೆದಿಡುವುದಿಲ್ಲ. ಏಕೆಂದರೆ ಆ ಏರಿಳಿತ ಪದಕ್ಕೆ ಸೇರಿದುದಲ್ಲ. ವಾಕ್ಯಕ್ಕೂ ಅದನ್ನಾಡುವವನ ಮನಸ್ಸಿಗೂ ಸೇರಿದುದು. ಇದನ್ನು ‘ಧಾಟಿ’ ಎಂದು ಕರೆಯಬಹುದು.

ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಗಮನಿಸಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಇದಕ್ಕೆ ‘ಕಾಕು’ ಎಂಬ ಹೆಸರಿದೆ. ಕೇಳುವವನಲ್ಲಿ ಇನ್ನೂ ಏನನ್ನೋ ಎದುರುನೋಡುವಂತೆ ಮಾಡುವ ಸಾಕಾಂಕ್ಷ ಕಾಕು ಒಂದು, ಮಾತು ಮುಗಿಯಿತೆಂದು ತೋರಿಸುವ ನಿರಾಕಾಂಕ್ಷ ಕಾಕು ಇನ್ನೊಂದು. ಪ್ರಶ್ನೆಯ ಕೊನೆಯಲ್ಲಿ ಏರುವ ದನಿ, ಹೇಳಿಕೆಯ ಕೊನೆಯಲ್ಲಿ ಇಳಿಯುವ ದನಿ ಇವೆರಡರ ಗುಟ್ಟೂ ಈ ವಿಭಾಗದಲ್ಲಿಯೇ ಅಡಗಿದೆ.

ಸ್ವರ ಎಂಬುದು ಪದದ ಸೊತ್ತು

ಚೀನೀ ಭಾಷೆಯಲ್ಲಿ ದನಿಯ ಏರಿಳಿತಕ್ಕೆ ಇನ್ನೊಂದು ಕೆಲಸವಿದೆ. ಅಲ್ಲಿ ಪ್ರತಿಯೊಂದು ಉಚ್ಚಾರಾಂಶವೂ ತನ್ನದೇ ಆದ ಏರಿಳಿತದೊಂದಿಗೇ ಹುಟ್ಟುತ್ತದೆ. ಅದನ್ನು ‘ಸ್ವರ’ ಎಂದು ಕರೆಯೋಣ. ಇಲ್ಲಿ ಸ್ವರವೆಂದರೆ ವ್ಯಾಕರಣದ ಅ, ಆ, ಇ, ಈ ಅಲ್ಲ. ಪದಕ್ಕೆ ಅಂಟಿಕೊಂಡಿರುವ ಶ್ರುತಿಯ ಆಕಾರ. ‘ಕ’ ತೆಗೆದು ‘ಮ’ ಹಾಕಿದರೆ ‘ಕರ’ ಹೋಗಿ ‘ಮರ’ ಆಗುವಂತೆ, ಅಲ್ಲಿ ಸ್ವರವನ್ನು ಬದಲಾಯಿಸಿದರೆ ಪದವೇ ಬೇರೆಯಾಗುತ್ತದೆ. ಆದ್ದರಿಂದ ಚೀನೀ ನಿಘಂಟುಗಳು ಪ್ರತಿ ಪದದ ಸ್ವರವನ್ನೂ ತಪ್ಪದೆ ಮುದ್ರಿಸುತ್ತವೆ. ಚೀನೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು 1958ರಲ್ಲಿ ಅಂಗೀಕೃತವಾದ ಪದ್ಧತಿಯಲ್ಲಿಯೂ ಅಕ್ಷರದ ನೆತ್ತಿಯ ಮೇಲೆ ಗೆರೆಯೆಳೆದು ಸ್ವರವನ್ನು ಸೂಚಿಸುತ್ತಾರೆ.

ಇಂದಿನ ಚೀನಾದ ರಾಷ್ಟ್ರಭಾಷೆಯಾದ ಮ್ಯಾಂಡರಿನ್‌ನಲ್ಲಿ ಇಂಥ ಸ್ವರಗಳು ನಾಲ್ಕು. ಇವನ್ನು ಕಾಗದದ ಮೇಲೆ ಬರೆದು ತೋರಿಸುವ ಸುಲಭೋಪಾಯವೊಂದನ್ನು 1930ರಲ್ಲಿ ಚೀನೀ ಭಾಷಾವಿಜ್ಞಾನಿ ಯುವೆನ್ ರೆನ್ ಚಾವ್ ಎಂಬವರು (1892–1982) ಪ್ರಕಟಿಸಿದರು. ಮಾತನಾಡುವವನ ದನಿಯ ಅತ್ಯಂತ ತಗ್ಗಿನ ಮಟ್ಟವನ್ನು 1 ಎಂದೂ, ಅತ್ಯಂತ ಎತ್ತರದ ಮಟ್ಟವನ್ನು 5 ಎಂದೂ ಇಟ್ಟುಕೊಂಡು, ನಡುವೆ ಮೂರು ಮೆಟ್ಟಿಲುಗಳನ್ನು ಅವರು ಕಲ್ಪಿಸಿದರು. ಈ ಐದು ಮೆಟ್ಟಿಲುಗಳ ಮೇಲೆ ಸ್ವರ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂಬುದನ್ನು ಅಂಕಿಗಳಿಂದ ಹೇಳಬಹುದು.

ಮೊದಲನೆಯ ಸ್ವರ 55. ಅದು ಎತ್ತರದಲ್ಲಿ ಆರಂಭವಾಗಿ ಎತ್ತರದಲ್ಲಿಯೇ ನಿಲ್ಲುತ್ತದೆ; ಸಂಗೀತಗಾರ ಒಂದು ಮೇಲಿನ ಸ್ವರವನ್ನು ಅಲುಗಾಡದೆ ಹಿಡಿದಂತೆ. ಎರಡನೆಯದು 35. ನಡುವಿನಿಂದ ಹೊರಟು ಮೇಲಕ್ಕೆ ಏರುತ್ತದೆ. ಕನ್ನಡಿಗನ ಕಿವಿಗೆ ಅದು ‘ಏನು?’ ಎಂದು ಕೇಳಿದಂತಿರುತ್ತದೆ. ಮೂರನೆಯದು 214. ಕೊಂಚ ತಗ್ಗಿನಿಂದ ಹೊರಟು, ಪೂರ್ತಿ ತಳಕ್ಕಿಳಿದು, ಮತ್ತೆ ಮೇಲೇಳುತ್ತದೆ. ನಾಲ್ಕನೆಯದು 51. ಮೇಲಿನ ಮೆಟ್ಟಿಲಿನಿಂದ ತಳಕ್ಕೆ ಒಮ್ಮೆಲೇ ಜಾರುತ್ತದೆ, ಸಿಡುಕಿನಿಂದ ‘ಸಾಕು!’ ಎಂದಂತೆ ಕೇಳಿಸುತ್ತದೆ.

ಈಗ ‘ಮೈ’ ಎಂಬ ಉಚ್ಚಾರಾಂಶಕ್ಕೆ ಇವನ್ನು ತೊಡಿಸಿ ನೋಡಬಹುದು. ಎರಡನೆಯ ಸ್ವರದಲ್ಲಿ ‘ಮೈ’ ಎಂದರೆ ಹೂಳು. ಮೂರನೆಯದರಲ್ಲಿ ಕೊಳ್ಳು. ನಾಲ್ಕನೆಯದರಲ್ಲಿ ಮಾರು. ಚೀನೀಯರಿಗೆ ಇವು ಒಂದೇ ಪದದ ಮೂರು ಅರ್ಥಗಳಲ್ಲ. ನಮಗೆ ಕಲ್ಲು, ಹಲ್ಲು, ಹುಲ್ಲು ಹೇಗೋ ಹಾಗೆ ಮೂರು ಬೇರೆ ಬೇರೆ ಪದಗಳು. ಸ್ವರವನ್ನು ಬಿಟ್ಟು ಲೆಕ್ಕ ಹಾಕಿದರೆ ಮ್ಯಾಂಡರಿನ್‌ನಲ್ಲಿರುವ ಉಚ್ಚಾರಾಂಶಗಳು ಸುಮಾರು 400 ಮಾತ್ರ. ಸ್ವರವನ್ನು ಸೇರಿಸಿಕೊಂಡರೆ ಆ ಸಂಖ್ಯೆ 1,200ಕ್ಕೂ ಮೇಲಾಗುತ್ತದೆ. ಆ ಭಾಷೆ ತನ್ನ ಪದಸಂಪತ್ತಿನ ಎಷ್ಟು ಭಾರವನ್ನು ದನಿಯ ಏರಿಳಿತದ ಮೇಲೆ ಹೊರಿಸಿದೆಯೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಎತ್ತರದ ದನಿಯ ಮಗುವಿಗೂ ಗಡುಸು ದನಿಯ ಮುದುಕನಿಗೂ ‘5’ ಎಂಬ ಮೆಟ್ಟಿಲು ಒಂದೇ ಹೇಗಾದೀತು ಎಂಬ ಸಂದೇಹ ಬರಬಹುದು. ಒಂದೇ ಅಲ್ಲ. ಗಾಯಕರು ತಮ್ಮ ತಮ್ಮ ಕಂಠಕ್ಕೆ ತಕ್ಕ ಶ್ರುತಿಯನ್ನು ಆರಿಸಿಕೊಂಡು ಹಾಡಿದರೂ ರಾಗ ಕೆಡುವುದಿಲ್ಲವಷ್ಟೆ? ಹಾಗೆಯೇ ಇಲ್ಲಿಯೂ ಮೆಟ್ಟಿಲುಗಳು ಆಯಾ ಕಂಠದ ಮೆಟ್ಟಿಲುಗಳು. ಕೇಳುವವನ ಕಿವಿ ಎದುರಿನವರ ಎರಡು ಮೂರು ಮಾತುಗಳಿಂದಲೇ ಅವರ ದನಿಯ ತಳವನ್ನೂ ತುದಿಯನ್ನೂ ಅಂದಾಜು ಮಾಡಿಕೊಂಡುಬಿಡುತ್ತದೆ. ಆದ್ದರಿಂದ ಚೀನೀ ಭಾಷೆಯನ್ನಾಡಲು ಸಂಗೀತಜ್ಞಾನ ಬೇಕಿಲ್ಲ. ಶ್ರುತಿ ಸೇರಿಸಿ ಹಾಡಲಾರದ ಚೀನೀಯನೂ ತನ್ನ ನಾಲ್ಕು ಸ್ವರಗಳಲ್ಲಿ ಎಡವುವುದಿಲ್ಲ.

ಚಕ್ರವರ್ತಿಯ ಪ್ರಶ್ನೆ

ತಮ್ಮ ಭಾಷೆಯಲ್ಲಿ ಸ್ವರಗಳಿವೆಯೆಂಬುದನ್ನು ಚೀನೀಯರೇ ಬಹುಕಾಲ ಹೆಸರಿಟ್ಟು ಗುರುತಿಸಿರಲಿಲ್ಲ. ಮೀನಿಗೆ ನೀರು ಕಾಣದಂತೆ ಅದು. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಷನ್ ಯ್ವೆ (441–513) ಮೊದಲಾದ ಕವಿಗಳು ‘ನಾಲ್ಕು ಸ್ವರ’ಗಳನ್ನು ಗುರುತಿಸಿ, ಪದ್ಯರಚನೆಗೆ ಅವುಗಳಿಂದ ನಿಯಮಗಳನ್ನು ಕಟ್ಟಿದರು. ಆ ಕಾಲದ ನಾಲ್ಕು ಸ್ವರಗಳು ಇಂದಿನ ನಾಲ್ಕೇ ಅಲ್ಲ. ಅವುಗಳಿಂದ ಇಂದಿನವು ಕವಲೊಡೆದು ಬಂದಿವೆ.

ಆಗ ಲಿಯಾಂಗ್ ವಂಶದ ಚಕ್ರವರ್ತಿ ವೂ (ಆಳ್ವಿಕೆ 502–549) ತನ್ನ ಆಸ್ಥಾನಿಕನೊಬ್ಬನನ್ನು, ‘ಈ ನಾಲ್ಕು ಸ್ವರಗಳೆಂದರೇನು?’ ಎಂದು ಕೇಳಿದನಂತೆ. ಆಸ್ಥಾನಿಕ ಲಕ್ಷಣ ಹೇಳುವ ಗೋಜಿಗೆ ಹೋಗಲಿಲ್ಲ. ಚಕ್ರವರ್ತಿಯ ಪಾವಿತ್ರ್ಯವನ್ನೂ ಪ್ರಜ್ಞೆಯನ್ನೂ ಹೊಗಳುವ ನಾಲ್ಕೇ ಪದಗಳ ಮಾತೊಂದನ್ನು ಹೇಳಿದ. ಆ ನಾಲ್ಕು ಪದಗಳಲ್ಲಿ ಒಂದೊಂದು ಒಂದೊಂದು ಸ್ವರದ್ದು. ಉದಾಹರಣೆಯೂ ಆಯಿತು, ಸ್ತುತಿಯೂ ಆಯಿತು. ಆದರೂ ಚಕ್ರವರ್ತಿ ತನ್ನ ಕವಿತೆಗಳಲ್ಲಿ ಆ ನಿಯಮಗಳನ್ನು ಅನುಸರಿಸಲಿಲ್ಲವೆಂದು ಇತಿಹಾಸದಲ್ಲಿ ದಾಖಲಾಗಿದೆ.

ಅಲೆಯ ಮೇಲಿನ ಕಿರುದೆರೆ

ಇಲ್ಲಿಯೇ ನಿಜವಾದ ಒಗಟು ಇರುವುದು. ಗಂಟಲು ಒಂದು, ಅದರಲ್ಲಿ ಹುಟ್ಟುವ ಶ್ರುತಿಯೂ ಒಂದೇ. ಆ ಶ್ರುತಿಯನ್ನು ಪದಗಳು ಆಗಲೇ ಹಂಚಿಕೊಂಡುಬಿಟ್ಟಿದ್ದರೆ, ಚೀನೀಯನು ಪ್ರಶ್ನೆ ಕೇಳುವುದು ಹೇಗೆ? ಕೋಪಿಸಿಕೊಳ್ಳುವುದು ಹೇಗೆ? ಅನುಮಾನಿಸುವುದು ಹೇಗೆ? ಅವನ ಮಾತಿಗೆ ಧಾಟಿಯೇ ಇಲ್ಲವೇ?

ಖಂಡಿತವಾಗಿ ಇದೆ. ಸ್ವರವೂ ಧಾಟಿಯೂ ಒಂದೇ ದನಿಯಲ್ಲಿ ಕೂಡಿಕೊಂಡೇ ಸಾಗುತ್ತವೆ. ಚಾವ್ ಅವರು ಇದಕ್ಕೆ ಸಮುದ್ರದ ಹೋಲಿಕೆಯನ್ನು ಕೊಟ್ಟರು. ಪದಗಳ ಸ್ವರಗಳು ಕಿರುದೆರೆಗಳಿದ್ದಂತೆ. ವಾಕ್ಯದ ಧಾಟಿ ದೊಡ್ಡ ಅಲೆಯಿದ್ದಂತೆ. ಕಿರುದೆರೆಗಳು ದೊಡ್ಡ ಅಲೆಯ ಮೇಲೆ ಸವಾರಿ ಮಾಡುತ್ತವೆ. ಅಲೆ ಎದ್ದಾಗ ಅದರೊಂದಿಗೆ ತಾವೂ ಏಳುತ್ತವೆ, ಬಿದ್ದಾಗ ಬೀಳುತ್ತವೆ, ಆದರೆ ತಮ್ಮ ಆಕಾರವನ್ನು ಬಿಡುವುದಿಲ್ಲ.

ಪುಸ್ತಕದಂಗಡಿಯ ಮಾತಿನಿಂದಲೇ ಇದನ್ನು ಬಿಡಿಸಿ ನೋಡಬಹುದು. ಚೀನೀಯನೊಬ್ಬನ ದನಿ ಸೆಕೆಂಡಿಗೆ 100ರಿಂದ 200 ಕಂಪನಗಳ ನಡುವೆ ಆಡುತ್ತದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ‘ಮಾರುವುದಿಲ್ಲ’ ಎಂದು ಅವನು ಸುಮ್ಮನೆ ಹೇಳುವಾಗ ಕೊನೆಯ ‘ಮೈ’ 200ರ ಸುಮಾರಿನಲ್ಲಿ ಆರಂಭವಾಗಿ 100ಕ್ಕೆ ಜಾರುತ್ತದೆ. ಅದನ್ನೇ ಪ್ರಶ್ನೆಯಾಗಿ ಕೇಳುವಾಗ ವಾಕ್ಯವಿಡೀ, ಅದರಲ್ಲಿಯೂ ಅದರ ಕೊನೆಯ ಭಾಗ, ಮೇಲಿನ ಮಟ್ಟಕ್ಕೆ ಹೋಗುತ್ತದೆ. ಆಗ ‘ಮೈ’ 240ರಲ್ಲಿ ಹೊರಟು 140ಕ್ಕೆ ಇಳಿಯಬಹುದು. ಗಮನಿಸಬೇಕಾದುದು ಇದು: ಪ್ರಶ್ನೆಯಲ್ಲಿಯೂ ಆ ‘ಮೈ’ ಇಳಿಯಿತು. ಅದು ಏರಲಿಲ್ಲ. ಎತ್ತರದ ಜಾಗದಲ್ಲಿ ನಿಂತು ಇಳಿಯಿತು, ಅಷ್ಟೆ. ಇಳಿಯುವಿಕೆ ಪದದ್ದು, ಎತ್ತರ ಪ್ರಶ್ನೆಯದು.

ಕನ್ನಡಿಗ ಮಾಡಿದುದೇನು? ಅವನು ಇಡೀ ವಾಕ್ಯವನ್ನು ಮೇಲಕ್ಕೆತ್ತಲಿಲ್ಲ. ಕೊನೆಯ ಪದದ ಬಾಲವನ್ನು ಮಾತ್ರ ಮೇಲಕ್ಕೆ ತಿರುಚಿದ. ಇಳಿಯಬೇಕಾದ ‘ಮೈ’ ತಗ್ಗಿನಿಂದ ಎದ್ದಿತು. ತಗ್ಗಿನಿಂದ ಏಳುವ ‘ಮೈ’ ಯಾವುದು? 214, ಮೂರನೆಯ ಸ್ವರದ್ದು, ಎಂದರೆ ‘ಕೊಳ್ಳು’.

ಭಾವಾವೇಶಕ್ಕೂ ಇದೇ ನ್ಯಾಯ. ಐದು ಗೆರೆಗಳನ್ನು ಒಂದು ರಬ್ಬರಿನ ಹಾಳೆಯ ಮೇಲೆ ಬರೆದಿದೆಯೆಂದು ಭಾವಿಸಬಹುದು. ಉದ್ರೇಕವಾದಾಗ ಆ ಹಾಳೆ ಹಿಗ್ಗುತ್ತದೆ. ಮನಸ್ಸು ಕುಗ್ಗಿದಾಗ ಹಾಳೆಯೂ ಕುಗ್ಗುತ್ತದೆ. ಅದರ ಮೇಲೆ ಬರೆದ ಸ್ವರಗಳ ಚಿತ್ರ ದೊಡ್ಡದಾಗುತ್ತದೆ ಅಥವಾ ಚಿಕ್ಕದಾಗುತ್ತದೆ. ಆದರೆ ಏರುವುದು ಏರುತ್ತಲೇ, ಇಳಿಯುವುದು ಇಳಿಯುತ್ತಲೇ ಇರುತ್ತದೆ. ಸಿಟ್ಟಿನಲ್ಲಿರುವ ಚೀನೀಯನೂ ‘ಕೊಳ್ಳು’ ಎಂಬುದನ್ನು ಮೂರನೆಯ ಸ್ವರದಲ್ಲಿಯೇ ಕೂಗುತ್ತಾನೆ.

ಚೀನೀಯರಿಗೂ ತೊಡಕಾಗುವ ಸ್ಥಳ

ಒಂದು ದನಿಯಲ್ಲಿ ಎರಡು ಕೆಲಸ ನಡೆಯುವಾಗ ಒಮ್ಮೊಮ್ಮೆ ಒಂದು ಇನ್ನೊಂದನ್ನು ಮುಚ್ಚಿಬಿಡುವುದೂ ಉಂಟು. ‘ಲೈ’ ಎಂದರೆ ಬರು. ಅದು ಎರಡನೆಯ ಸ್ವರದ್ದು, ಹುಟ್ಟಿನಿಂದಲೇ ಏರುವ ಪದ. ‘ಪು ಲೈ’ ಎಂದರೆ ‘ಬರುವುದಿಲ್ಲ’. ಇದನ್ನು ಪ್ರಶ್ನೆಯಾಗಿ ಕೇಳಿದರೆ ಏರುವ ಪದ ಇನ್ನಷ್ಟು ಮೇಲೆ ಏರುತ್ತದೆ. ಆ ಏರಿಕೆಯಲ್ಲಿ ಪದದ ಪಾಲೆಷ್ಟು, ಪ್ರಶ್ನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಪ್ರಯೋಗಶಾಲೆಗಳಲ್ಲಿ ಚೀನೀಯರಿಗೇ ಇಂತಹ ವಾಕ್ಯಗಳನ್ನು ಕೇಳಿಸಿ ನೋಡಿದಾಗ, ಇಳಿಯುವ ಪದದಿಂದ ಮುಗಿಯುವ ಪ್ರಶ್ನೆಯನ್ನು ಅವರು ಸುಲಭವಾಗಿ ಗುರುತಿಸಿದರು. ಏರುವ ಪದದಿಂದ ಮುಗಿಯುವ ಪ್ರಶ್ನೆಯನ್ನು ಅನೇಕ ವೇಳೆ ಹೇಳಿಕೆಯೆಂದೇ ತಿಳಿದರು. ಇಳಿಯಬೇಕಾದ ಪದ ಎತ್ತರದಲ್ಲಿಯೇ ಉಳಿದರೆ ಅದು ತಟ್ಟನೆ ಕಿವಿಗೆ ಬೀಳುತ್ತದೆ. ಏರುವ ಪದ ಇನ್ನಷ್ಟು ಏರಿದರೆ ಅದರಲ್ಲೇನು ವಿಶೇಷ?

ಆದ್ದರಿಂದಲೇ ಚೀನೀ ಭಾಷೆಯಲ್ಲಿ ಪ್ರಶ್ನೆಯನ್ನು ದನಿಯ ಪಾಲಿಗೇ ಬಿಡದೆ ಪದಗಳಿಂದ ಸ್ಪಷ್ಟಪಡಿಸುವ ದಾರಿಗಳು ಸಿದ್ಧವಾಗಿವೆ. ವಾಕ್ಯದ ಕೊನೆಗೆ ‘ಮಾ’ ಎಂಬ ಹಗುರವಾದ ಚೂರೊಂದನ್ನು ಸೇರಿಸಿದರೆ ಅದು ಪ್ರಶ್ನೆಯಾಗುತ್ತದೆ. ಕನ್ನಡದ ‘ಬಂದನೇ’, ‘ಬಂದನಾ’ ಎಂಬಲ್ಲಿನ ‘ಏ’, ‘ಆ’ಗಳು ಮಾಡುವ ಕೆಲಸವೇ ಅದರದೂ. ಇನ್ನೊಂದು ದಾರಿಯೆಂದರೆ ಹೌದು, ಇಲ್ಲ ಎರಡನ್ನೂ ಎದುರಿಗಿಡುವುದು. ‘ಮೈ ಪು ಮೈ?’ ಎಂದರೆ ‘ಮಾರುತ್ತೀರೋ, ಮಾರುವುದಿಲ್ಲವೋ?’ ಎಂದು ಅರ್ಥ. ಹೀಗೆ ಕೇಳಿದಾಗ ದನಿಯನ್ನು ಏರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಎರಡು ‘ಮೈ’ಗಳೂ ನೆಮ್ಮದಿಯಿಂದ ತಮ್ಮ ಸ್ವರದಲ್ಲಿಯೇ ಇಳಿಯಬಹುದು.

ನೆರೆಮನೆಯ ಸುಳಿವು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಮುದುಕನಿಗೆ ಸಂದರ್ಭ ತಿಳಿದಿತ್ತಲ್ಲವೇ? ವಿದೇಶೀಯನ ಉಚ್ಚಾರಣೆಯನ್ನು ಅವನು ಊಹೆಯಿಂದ ಸರಿಪಡಿಸಿಕೊಳ್ಳಬಾರದಿತ್ತೇ? ಎಷ್ಟೋ ಸಲ ಚೀನೀಯರು ಹಾಗೆ ಮಾಡುತ್ತಾರೆ. ಊಟದ ಮನೆಯಲ್ಲಿ ಕುಳಿತು ‘ಥಾಂಗ್’ ಎಂಬುದನ್ನು ಮೊದಲನೆಯ ಸ್ವರದ ಬದಲು ಎರಡನೆಯದರಲ್ಲಿ ಹೇಳಿದರೆ ಸಾರಿನ ಬದಲು ಸಕ್ಕರೆಯ ಹೆಸರು ಬರುತ್ತದೆ. ಆದರೂ ಬಡಿಸುವವನು ನಕ್ಕು ಸಾರನ್ನೇ ತಂದಿಡುತ್ತಾನೆ. ಆದರೆ ಅಂಗಡಿಯಲ್ಲಿ ‘ಮಾರು’, ‘ಕೊಳ್ಳು’ ಎರಡೂ ಸಂದರ್ಭಕ್ಕೆ ಸಮನಾಗಿ ಹೊಂದುವ ಮಾತುಗಳು. ಊಹೆಗೆ ಅಲ್ಲಿ ಆಧಾರವಿಲ್ಲ.

ಅದಲ್ಲದೆ ವಿದ್ಯಾರ್ಥಿ ಅರಿಯದೆ ಇನ್ನೊಂದು ತಪ್ಪು ಸುಳಿವನ್ನೂ ಕೊಟ್ಟಿದ್ದ. ಚೀನೀ ಪದಗಳ ಸ್ವರಗಳು ನೆರೆಯ ಪದಗಳ ಸಹವಾಸದಿಂದ ಬದಲಾಗುವುದುಂಟು. ನಮ್ಮಲ್ಲಿ ಪದಗಳು ಸೇರುವಾಗ ಸಂಧಿಯಾಗುವಂತೆ ಅಲ್ಲಿ ಸ್ವರಗಳಿಗೂ ಸಂಧಿಯುಂಟು. ‘ಪು’ ಎಂಬುದು ನಿಘಂಟಿನಲ್ಲಿ ನಾಲ್ಕನೆಯ ಸ್ವರದ್ದು, ಇಳಿಯುವಂಥದು. ಆದರೆ ಅದರ ಮುಂದೆ ಇನ್ನೊಂದು ನಾಲ್ಕನೆಯ ಸ್ವರದ ಪದ ಬಂದರೆ ‘ಪು’ ತನ್ನ ಸ್ವರವನ್ನು ಬಿಟ್ಟು ಎರಡನೆಯದನ್ನು ತಾಳಿ ಏರುತ್ತದೆ. ಆದ್ದರಿಂದ ‘ಮಾರುವುದಿಲ್ಲ’ ಎನ್ನುವಾಗ ‘ಪು’ ಏರಬೇಕು, ‘ಮೈ’ ಇಳಿಯಬೇಕು. ‘ಕೊಳ್ಳುವುದಿಲ್ಲ’ ಎನ್ನುವಾಗ ‘ಪು’ ಇಳಿಯಬೇಕು, ‘ಮೈ’ ತಳದಲ್ಲಿರಬೇಕು. ವಿದ್ಯಾರ್ಥಿ ನಿಘಂಟಿನಲ್ಲಿದ್ದಂತೆ ‘ಪು’ವನ್ನು ಇಳಿಸಿದ, ಪ್ರಶ್ನೆಗಾಗಿ ‘ಮೈ’ಯನ್ನು ತಗ್ಗಿನಿಂದ ಏರಿಸಿದ. ಎರಡು ಪದಗಳೂ ಕೂಡಿಕೊಂಡು ‘ಕೊಳ್ಳುವುದಿಲ್ಲ’ ಎಂದೇ ಸಾಕ್ಷಿ ನುಡಿದವು. ಮುದುಕನ ತಪ್ಪೇನೂ ಇಲ್ಲ.

ಇಂಥದೇ ಮತ್ತೊಂದು ಸಂಧಿ ಮೂರನೆಯ ಸ್ವರಕ್ಕೆ ಸೇರಿದ್ದು. ಆ ಸ್ವರದ ಎರಡು ಪದಗಳು ಒಟ್ಟಿಗೆ ಬಂದರೆ ಮೊದಲನೆಯದು ಏರುಸ್ವರವಾಗಿ ಬದಲಾಗುತ್ತದೆ. ಚೀನೀ ಭಾಷೆಯಲ್ಲಿ ‘ನೀನು’ ಎಂಬುದಕ್ಕೆ ಪದ ‘ನೀ’. ಕನ್ನಡದ ‘ನೀ’ಯೊಡನೆ ಅದಕ್ಕೆ ಹೋಲಿಕೆ ಬಂದಿರುವುದು ಕೇವಲ ಆಕಸ್ಮಿಕ. ಅದು ಮೂರನೆಯ ಸ್ವರದ್ದು. ‘ನೀನು ಕೊಳ್ಳುವೆ’ ಎಂಬರ್ಥದ ‘ನೀ ಮೈ’ಯಲ್ಲಿ ಎರಡೂ ಮೂರನೆಯವಾದ್ದರಿಂದ ‘ನೀ’ ಏರುತ್ತದೆ. ‘ನೀನು ಮಾರುವೆ’ ಎಂಬಲ್ಲಿ ‘ನೀ’ ತಗ್ಗಿನಲ್ಲಿಯೇ ಇರುತ್ತದೆ. ಕೊಳ್ಳುವವನೋ ಮಾರುವವನೋ ಎಂಬ ಸುಳಿವು ‘ಮೈ’ ಎಂಬ ಪದ ಬಾಯಿಂದ ಹೊರಡುವ ಮೊದಲೇ ಕೇಳುವವನಿಗೆ ಸಿಕ್ಕಿಬಿಟ್ಟಿರುತ್ತದೆ.

ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದೇ ಇಲ್ಲ. ಆದ್ದರಿಂದ ಶ್ರುತಿಯೇ ಇಲ್ಲ. ಆದರೂ ಚೀನೀ ತಾಯಿ ಮಗುವಿನ ಕಿವಿಯಲ್ಲಿ ಪಿಸುಗುಟ್ಟಿದರೆ ಮಗುವಿಗೆ ಅರ್ಥವಾಗುತ್ತದೆ. ಬಿಡಿಯಾಗಿ ನುಡಿದಾಗ ಮೂರನೆಯ ಸ್ವರ ಎಲ್ಲಕ್ಕಿಂತ ದೀರ್ಘ, ನಾಲ್ಕನೆಯದು ಎಲ್ಲಕ್ಕಿಂತ ಹ್ರಸ್ವ. ಇಂಥ ಉಪಲಕ್ಷಣಗಳು ಸ್ವಲ್ಪ, ಸಂದರ್ಭ ಬಹುಪಾಲು ಅಲ್ಲಿ ನೆರವಿಗೆ ಬರುತ್ತವೆ. ಹಾಡಿನಲ್ಲಿ ಶ್ರುತಿಯನ್ನೆಲ್ಲ ರಾಗವೇ ಕಿತ್ತುಕೊಳ್ಳುತ್ತದೆ. ಇಂದಿನ ಮ್ಯಾಂಡರಿನ್ ಹಾಡುಗಳಲ್ಲಿ ಪದಗಳ ಸ್ವರವನ್ನು ಬಹುಮಟ್ಟಿಗೆ ರಾಗಕ್ಕೆ ಒಪ್ಪಿಸಿಬಿಡುತ್ತಾರೆ. ದಕ್ಷಿಣದ ಕ್ಯಾಂಟನೀಸ್ ಹಾಡುಗಳಲ್ಲಿ ಮಾತ್ರ ರಾಗವೇ ಪದಗಳ ಸ್ವರಕ್ಕೆ ಹೊಂದಿಕೊಂಡು ನಡೆಯಬೇಕು.

ನಮ್ಮ ನಾಡಿನಲ್ಲಿಯೂ

ಸ್ವರವು ಪದದ ಅರ್ಥಕ್ಕೆ ಕೈಹಾಕುವುದು ಭಾರತೀಯರಿಗೆ ತೀರ ಅಪರಿಚಿತವೇನಲ್ಲ. ತನ್ನ ಮಗ ವೃತ್ರನು ಇಂದ್ರನನ್ನು ಕೊಲ್ಲುವವನಾಗಲೆಂದು ತ್ವಷ್ಟೃ ಹೋಮ ಮಾಡಿದ ಕಥೆ ಪ್ರಸಿದ್ಧವಾದುದು. ‘ಇಂದ್ರಶತ್ರು’ ಎಂಬ ಪದದ ಕೊನೆಯಲ್ಲಿ ಉದಾತ್ತ ಸ್ವರವಿದ್ದರೆ ‘ಇಂದ್ರನನ್ನು ಕೊಲ್ಲುವವನು’ ಎಂದರ್ಥ. ಮೊದಲಿನಲ್ಲಿದ್ದರೆ ‘ಇಂದ್ರನನ್ನೇ ಕೊಲ್ಲುವವನಾಗಿ ಉಳ್ಳವನು’ ಎಂದರ್ಥ. ಮಂತ್ರದಲ್ಲಿ ಸ್ವರ ತಪ್ಪಿತು. ವೃತ್ರನು ಇಂದ್ರನ ಕೈಯಿಂದಲೇ ಹತನಾದ. ವೈದಿಕ ಸ್ವರವು ಚೀನೀ ಸ್ವರದಂತೆ ಪ್ರತಿ ಉಚ್ಚಾರಾಂಶಕ್ಕೂ ನಾಲ್ಕರಲ್ಲೊಂದನ್ನು ತೊಡಿಸುವುದಿಲ್ಲ. ಸಾಮಾನ್ಯವಾಗಿ ಒಂದು ಪದದಲ್ಲಿ ಎದ್ದು ನಿಲ್ಲುವ ಒಂದು ಸ್ಥಾನವನ್ನು ಗೊತ್ತುಮಾಡುತ್ತದೆ. ಆದರೂ ಎರಡರಲ್ಲಿಯೂ ಏರಿಳಿತ ಭಾವದ್ದಲ್ಲ, ಪದದ್ದು.

ಇಂದಿಗೂ ಕೋಟ್ಯಂತರ ಭಾರತೀಯರು ಸ್ವರವುಳ್ಳ ಭಾಷೆಯನ್ನು ಆಡುತ್ತಿದ್ದಾರೆ. ಅದು ಪಂಜಾಬಿ. ಹಿಂದಿಯ ‘ಘೋಡಾ’ ಪಂಜಾಬಿಯ ಬಾಯಲ್ಲಿ ‘ಕೋಡಾ’ ಆಗುತ್ತದೆ. ಆದರೆ ತಗ್ಗಿದ ಸ್ವರದಲ್ಲಿ. ಸಮಸ್ವರದಲ್ಲಿ ‘ಕೋಡಾ’ ಎಂದರೆ ಚಾಟಿ. ಎತ್ತರದ ಸ್ವರದಲ್ಲಿ ಅದೇ ಕುಷ್ಠರೋಗಿ. ಬರವಣಿಗೆಯಲ್ಲಿ ಮಾತ್ರ ಕುದುರೆಗೆ ಇಂದಿಗೂ ‘ಘ’ ಅಕ್ಷರವೇ ಇದೆ. ಸ್ವರಗಳು ಹುಟ್ಟುವ ಬಗೆಯೇ ಇಲ್ಲಿ ಕಣ್ಣಿಗೆ ಕಾಣುವಂತಿದೆ. ‘ಘ’ಕಾರದ ಭಾರದಿಂದ ಪಕ್ಕದ ದನಿ ಕೊಂಚ ತಗ್ಗುತ್ತಿತ್ತು, ಕಾಲಕ್ರಮದಲ್ಲಿ ‘ಘ’ಕಾರ ಅಳಿಯಿತು, ತಗ್ಗು ಮಾತ್ರ ಉಳಿಯಿತು. ಅಳಿದ ವ್ಯಂಜನದ ನೆನಪೇ ಸ್ವರ. ವಿಯಟ್ನಾಮೀ ಭಾಷೆಯ ಸ್ವರಗಳೂ ಇಂಥ ನಷ್ಟಗಳಿಂದಲೇ ಹುಟ್ಟಿದವೆಂದು ಫ್ರೆಂಚ್ ವಿದ್ವಾಂಸ ಓದ್ರಿಕೂರ್ 1954ರಲ್ಲಿ ತೋರಿಸಿಕೊಟ್ಟರು. ಚೀನೀ ಭಾಷೆಯ ವಿಚಾರದಲ್ಲಿಯೂ ಬಹುಮಂದಿ ವಿದ್ವಾಂಸರು ಅದೇ ದಾರಿಯನ್ನು ಒಪ್ಪುತ್ತಾರೆ.

ಮತ್ತೆ ಅಂಗಡಿಗೆ

ವಿದ್ಯಾರ್ಥಿಯು ನಡೆದುದನ್ನು ತನ್ನ ಅಧ್ಯಾಪಕಿಗೆ ಹೇಳಿದನೆಂದು ಇಟ್ಟುಕೊಳ್ಳೋಣ. ಅನುಭವಸ್ಥೆಯಾದ ಅಧ್ಯಾಪಕಿ ಅವನಿಗೆ ಮಾಡುವ ಉಪದೇಶ ಚಿಕ್ಕದು. ‘ನಿಮಗೆ ಅನುಮಾನ ಬಂದಾಗ ಅದನ್ನು ದನಿಯಲ್ಲಿ ತೋರಿಸಬೇಡಿ, ಪದಗಳಲ್ಲಿ ಹೇಳಿ. ಅನುಮಾನವನ್ನು ‘ಮಾ’ ಹೊರಲಿ. ‘ಮೈ’ ತನ್ನ ಪಾಡಿಗೆ ತಾನಿರಲಿ.’ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ವ್ಯಾಕರಣವನ್ನು ಮನುಷ್ಯ ಪುಸ್ತಕದಿಂದ ಕಲಿಯುತ್ತಾನೆ. ಧಾಟಿಯನ್ನು ಮಾತು ಬರುವ ಮುನ್ನವೇ ತಾಯಿಯ ತೊಡೆಯ ಮೇಲೆ ಕಲಿತಿರುತ್ತಾನೆ. ಹಿಂಜರಿಕೆ, ವಿನಯ, ಬೆರಗು ಇವು ಬಂದೊಡನೆ ದನಿ ತಾನಾಗಿಯೇ ಹಳೆಯ ದಾರಿ ಹಿಡಿಯುತ್ತದೆ. ಬಿಡಿಪದಗಳ ಅಭ್ಯಾಸದಲ್ಲಿ ನಾಲ್ಕು ಸ್ವರಗಳನ್ನೂ ಲೋಪವಿಲ್ಲದೆ ಒಪ್ಪಿಸುವ ವಿದ್ಯಾರ್ಥಿ, ನಿಜವಾಗಿ ಏನನ್ನಾದರೂ ಕೇಳಬೇಕಾದಾಗಲೇ ತಪ್ಪುವುದು ಇದರಿಂದ.

ಕೇಳುವ ಕಡೆಯಿಂದಲೂ ಇಂಥದೇ ತಪ್ಪು ಆಗುವುದುಂಟು. ಹೊಸದಾಗಿ ಬಂದ ಕನ್ನಡಿಗನಿಗೆ ಬೀಜಿಂಗ್ ಬೀದಿಯ ಜನರೆಲ್ಲ ಸಿಡುಕುತ್ತಿರುವಂತೆ ತೋರುತ್ತದೆ. ನಾಲ್ಕನೆಯ ಸ್ವರ ಹೆಜ್ಜೆಹೆಜ್ಜೆಗೂ ಅವನ ಕಿವಿಗೆ ಬೀಳುತ್ತದೆ. ಮೇಲಿಂದ ಒಮ್ಮೆಲೇ ಕೆಳಗೆ ಬೀಳುವ ದನಿಯನ್ನು ಅವನ ಕಿವಿ ಪದವೆಂದು ಕೇಳದೆ ಕೋಪವೆಂದು ಕೇಳುತ್ತದೆ.

ಮರುದಿನ ವಿದ್ಯಾರ್ಥಿ ಅದೇ ಅಂಗಡಿಗೆ ಹೋಗುತ್ತಾನೆ. ಬೀರುವಿನಲ್ಲಿದ್ದ ಪುಸ್ತಕವನ್ನು ಬೆರಳಿನಿಂದ ತೋರಿಸಿ, ದನಿಯನ್ನು ಬಿಗಿಹಿಡಿದು, ಎರಡು ‘ಮೈ’ಗಳನ್ನೂ ಮೇಲಿನಿಂದ ಕೆಳಕ್ಕೆ ಇಳಿಸಿ ‘ಮೈ ಪು ಮೈ?’ ಎಂದು ಕೇಳುತ್ತಾನೆ. ಅವನ ಕಿವಿಗೇ ಅದು ಒರಟಾಗಿ, ಹಿರಿಯರೊಬ್ಬರನ್ನು ಗದರಿಸಿದಂತೆ ಕೇಳಿಸುತ್ತದೆ. ಮುದುಕ ಬೀಗ ತೆಗೆದು ಪುಸ್ತಕವನ್ನು ಹೊರಕ್ಕೆ ತರುತ್ತಾನೆ. ಅವನೂ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತಾನೆ: ‘ಮೈ.’ ಅದು ಎತ್ತರದಿಂದ ತಳಕ್ಕೆ ಥಟ್ಟನೆ ಇಳಿದ ದನಿ. ಹಿಂದಿನ ದಿನವಾಗಿದ್ದರೆ ವಿದ್ಯಾರ್ಥಿ ಅದನ್ನು ಸಿಡುಕೆಂದೇ ತಿಳಿಯುತ್ತಿದ್ದ. ಈಗ ಅವನಿಗೆ ಅದರ ಅರ್ಥ ಗೊತ್ತಿದೆ. ಮುದುಕ ಕೋಪಿಸಿಕೊಂಡಿಲ್ಲ, ಮಾರುತ್ತೇನೆ ಎಂದಿದ್ದಾನೆ.